ಬರೆದವಳು ಕ್ಷೇಮ

ಶಂಕರಪುರ
12-8-1994

ಪ್ರೀತಿಯ ಲಿಲ್ಲಿ,

ನೀನು ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಬೊಂಬಾಯಿಯಿಂದ ವಿಮಾನ ಹತ್ತಿದೆ ಅಂತ ನಿನ್ನ ಅಣ್ಣ ಅಂಗಡಿಗೆ ಫೋನ್ ಮಾಡಿ ತಿಳಿಸಿದ. ಅದರ ನಂತರ ಸುದ್ದಿ ಇಲ್ಲ. ಪತ್ರ ಬರಲು ಎರಡು ವಾರ ಬೇಕಂತೆ. ಹಾಗಾಗಿ ನಾನೇ ಮೊದಲು ಬರೆಯುತ್ತಿದ್ದೇನೆ.

ನಿನ್ನ ಹತ್ತಿರ ಕನ್ನಡದಲ್ಲಿ ಮಾತಾಡುವುದು ಹೇಗೋ ಆಗುತ್ತದೆ ಮಾರಾಯ್ತಿ. ಹದಿನೈದು ವರ್ಷ ತುಳುವಿನಲ್ಲೇ ಜಗಳ ಮಾಡಿದ್ದೇವೆ. ಬರೆಯಲು ಕೂತರೆ ಶಾಲೆಯಲ್ಲಿ ಪ್ರಬಂಧ ಬರೆದ ಹಾಗೆ ಬರುತ್ತದೆ. ತಪ್ಪಾದರೆ ಟೀಚರ್ ಹಾಗೆ ಕೆಂಪು ಗೆರೆ ಎಳೆಯಬೇಡ.

ಮಳೆ ಬಿಟ್ಟಿಲ್ಲ. ಮಲ್ಲಿಗೆ ಗಿಡದಲ್ಲಿ ಮೊಗ್ಗೇ ಇಲ್ಲ. ನಿನ್ನೆ ನಮ್ಮದೂ ನಿಮ್ಮದೂ ಸೇರಿಸಿದರೂ ಒಂದು ಚೆಂಡು ಆಗಲಿಲ್ಲ. ಎಂಟುನೂರು ಹೂ ಎಣಿಸುವಾಗ ನೀನು ಯಾವಾಗಲೂ ಮುನ್ನೂರರ ಹತ್ತಿರ ಲೆಕ್ಕ ತಪ್ಪುತ್ತಿದ್ದೆ, ನಾನು ಬೈಯುತ್ತಿದ್ದೆ. ನಿನ್ನೆ ನಾನೇ ತಪ್ಪಿದೆ. ಎಣಿಸುತ್ತಾ ಎಣಿಸುತ್ತಾ ನಿನ್ನ ಜಾಗ ನೋಡಿದೆ, ಲೆಕ್ಕ ಹೋಯಿತು.

ನಿನ್ನ ಮಾಂಯ್ ಚೆನ್ನಾಗಿದ್ದಾರೆ. ಕಿವಿ ಮಾತ್ರ ಇನ್ನೂ ಮಂದ ಆಗಿದೆ. ನಾನು ದಿನಾ ಸಂಜೆ ಹೋಗುತ್ತೇನೆ. ಪತ್ರೊಡೆ ಮಾಡಿದ ದಿನ ನಿನ್ನ ಪಾಲು ಎಂದು ಎರಡು ತುಂಡು ಬೇರೆ ತಟ್ಟೆಯಲ್ಲಿ ಇಟ್ಟರು. ರಾತ್ರಿ ನನಗೇ ಕೊಟ್ಟರು.

ಒಂದು ಮಾತು ಕೇಳಬೇಕು. ಕಟಪಾಡಿಯಲ್ಲಿ ಬಸ್ಸು ಹೊರಟಾಗ ನಾನು ಅದು ಕಾಣದಾಗುವವರೆಗೆ ನಿಂತಿದ್ದೆ. ನೀನು ಕಿಟಕಿಯಿಂದ ಒಮ್ಮೆಯೂ ತಿರುಗಿ ನೋಡಲಿಲ್ಲ. ಯಾಕೆ?

ನಿನ್ನ
ವನಜ

*

ಕುವೈತ್
9-9-1994, ಶುಕ್ರವಾರ

ವನಜಾ,

ನಿನ್ನ ಪತ್ರ ಬಂದಾಗ ನೈಟ್ ಡ್ಯೂಟಿ ಮುಗಿಸಿ ಬಂದಿದ್ದೆ. ಬೂಟು ಬಿಚ್ಚದೆ ಓದಿದೆ. ಕೆಂಪು ಗೆರೆ ಎಳೆಯಲಿಲ್ಲ. ಎಳೆಯಬೇಕಾದ ಕಡೆ ಎರಡು ಇದ್ದವು, ಬಿಟ್ಟಿದ್ದೇನೆ.

ಇಲ್ಲಿ ಸೆಕೆ ಹೇಗಿದೆ ಅಂತ ಹೇಳಲು ನಮ್ಮಲ್ಲಿ ಮಾತಿಲ್ಲ. ನಮ್ಮ ಮೇ ತಿಂಗಳಲ್ಲಿ ಬೆವರು ಬರುತ್ತದೆ ಅಲ್ವಾ? ಇಲ್ಲಿ ಬೆವರು ಬರುವ ಮೊದಲೇ ಒಣಗುತ್ತದೆ. ಮರ ಕಡಿಮೆ. ಮಣ್ಣಿನ ವಾಸನೆಯೇ ಇಲ್ಲ. ರೂಮಿನಲ್ಲಿ ನಾವು ಆರು ಜನ. ಒಬ್ಬರು ಶಿರ್ವದ ಅಕ್ಕ. 1990ರಲ್ಲಿ ಇರಾಕಿನವರು ನುಗ್ಗಿದಾಗ ಅವರು ಇಲ್ಲೇ ಇದ್ದರು. ಬಸ್ಸಿನಲ್ಲಿ ಮರಳುಗಾಡು ದಾಟಿ ಅಮ್ಮಾನ್‌ಗೆ ಹೋಗಿ, ಡೇರೆಯಲ್ಲಿ ದಿನ ಕಳೆದು, ಏರ್ ಇಂಡಿಯಾ ವಿಮಾನದಲ್ಲಿ ಊರಿಗೆ ಬಂದವರು. ಒಂದು ಕೈಚೀಲ ಬಿಟ್ಟರೆ ಬೇರೇನೂ ತರಲಿಲ್ಲವಂತೆ. ಮತ್ತೆ ಯಾಕೆ ಬಂದಿರಿ ಅಂತ ಕೇಳಿದೆ. "ಮನೆಗೆ ಹಂಚು ಹಾಕಿಸಿ ಆಗಿರಲಿಲ್ಲ" ಎಂದರು.

ನಿನ್ನೆ ಮೊಂತಿ ಫೆಸ್ತ್, ನಮ್ಮ ತೆನೆ ಹಬ್ಬ. ಇಲ್ಲಿ ರಜೆ ಶುಕ್ರವಾರ, ಪೂಜೆಯೂ ಇವತ್ತೇ ಆಯಿತು. ಹೂವಿನ ಬದಲು ಪ್ಲಾಸ್ಟಿಕ್ ಹೂ. ನಾವಿಬ್ಬರೂ ಒಂಬತ್ತು ದಿನ ಬುಟ್ಟಿಯಲ್ಲಿ ಹೂ ತುಂಬಿಕೊಂಡು ಹೋಗುತ್ತಿದ್ದದ್ದು ನೆನಪಾಯಿತು. ನಿನ್ನ ಅಪ್ಪ ಒಮ್ಮೆ "ಇಗರ್ಜಿಯ ಹಬ್ಬಕ್ಕೆ ನಿನಗೆಂತ ಕೆಲಸ?" ಎಂದದ್ದಕ್ಕೆ ನೀನು "ಕಬ್ಬು ಕೊಡ್ತಾರೆ" ಎಂದಿದ್ದೆ!

ಇನ್ನು ನಿದ್ದೆ ಮಾಡಬೇಕು. ಮಾಂಯ್‌ಗೆ ನಾನು ಬೇರೆ ಬರೆಯುತ್ತೇನೆ. ಓದಿ ಹೇಳುವವಳು ನೀನೇ, ಸ್ವಲ್ಪ ಜೋರಾಗಿ ಓದು.

ನಿನ್ನ
ಲಿಲ್ಲಿ

*

ಶಂಕರಪುರ
3-2-1997

ಲಿಲ್ಲಿ,

ಡಿಸೆಂಬರಿನಲ್ಲಿ ನೀನು ರಜೆಯಲ್ಲಿ ಬಂದು ಹೋದ ಮೇಲೆ ಎರಡು ಸಲ ಬರೆಯಲು ಕೂತು ಎದ್ದೆ. ನೀನು ಕೊಟ್ಟ ಸೆಂಟು, ಹಾಲಿನ ಪುಡಿಯ ಡಬ್ಬಿ, ಕಂಬಳಿ ಎಲ್ಲಾ ಇದೆ. ಆದರೆ ನಮ್ಮ ಮನೆಯಲ್ಲಿ ನೀನು ಕೂತದ್ದು ಹತ್ತು ನಿಮಿಷ. ಹೊರಗೆ ಕಾರು ನಿಂತಿತ್ತು. ನಾನು ಮೂರು ವರ್ಷದ ಮಾತು ಇಟ್ಟುಕೊಂಡಿದ್ದೆ.

ನಿನಗೆ ಇಪ್ಪತ್ತು ಮನೆಗೆ ಹೋಗಲಿತ್ತು, ಗೊತ್ತು. ಆದರೂ ಬರೆದೆ.

ನನ್ನ ಮದುವೆ ನಿಶ್ಚಯ ಆಗಿದೆ. ಹುಡುಗ ಬಂಟಕಲ್ಲಿನವರು, ಸೈಕಲ್ ಅಂಗಡಿ ಇದೆ. ಮೇ 11, ಭಾನುವಾರ. ನೀನು ಬರಬೇಕು. ರಜೆ ಸಿಗುವುದಿಲ್ಲ ಅಂತ ನನಗೂ ಗೊತ್ತು. ಬರಲು ಆಗದಿದ್ದರೆ ಒಂದು ಉದ್ದದ ಪತ್ರ ಬರೆ. ಮದುವೆಯ ಹಿಂದಿನ ರಾತ್ರಿ ಓದುತ್ತೇನೆ.

ವನಜ

*

ಕುವೈತ್
20-4-1997

ವನಜಾ,

ಮದುವೆಗೆ ಶುಭಾಶಯ. ರಜೆ ಸಿಗಲಿಲ್ಲ. ಇದರ ಜೊತೆ 5,000 ರೂಪಾಯಿಯ ಡ್ರಾಫ್ಟ್ ಇದೆ, ಚಿನ್ನ ತಗೋ.

ಲಿಲ್ಲಿ

*

ಶಂಕರಪುರ
14-9-1998

ಪ್ರೀತಿಯ ಮಗಳಾದ ಲಿಲ್ಲಿಗೆ ನಿನ್ನ ಮಾಂಯ್ ಮಾಡುವ ಆಶೀರ್ವಾದಗಳು.

ನಾನು ಚೆನ್ನಾಗಿದ್ದೇನೆ. ನೀನು ಕಳಿಸಿದ ಹಣ ಸಿಕ್ಕಿತು. ಇನ್ನು ಮೇಲೆ ವಿಳಾಸದಲ್ಲಿ ದಕ್ಷಿಣ ಕನ್ನಡ ಎಂದು ಬರೆಯಬೇಡ. ಹೋದ ವರ್ಷದಿಂದ ನಮ್ಮದು ಉಡುಪಿ ಜಿಲ್ಲೆ. ಬೊಂಬಾಯಿಗೆ ಮತ್ಸ್ಯಗಂಧ ಅಂತ ರೈಲು ಶುರುವಾಗಿದೆ. ಮುಂದಿನ ಸಲ ಬಸ್ಸಿನಲ್ಲಿ ಸೊಂಟ ಮುರಿದುಕೊಳ್ಳಬೇಡ, ರೈಲಿನಲ್ಲಿ ಬಾ.

ಕೆಂಪು ದನ ಕರು ಹಾಕಿದೆ. ಬಾವಿಯ ಕಟ್ಟೆ ಒಂದು ಬದಿ ಕುಸಿದಿತ್ತು, ಸರಿ ಮಾಡಿಸಿದೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಶುಕ್ರವಾರದ ಪೂಜೆ ತಪ್ಪಿಸಬೇಡ.

ಕಾಗದದ ಪೊಟ್ಟಣದಲ್ಲಿ ಹೊಸ ತೆನೆಯ ಏಳು ಕಾಳು ಇದೆ. ಪುಡಿ ಮಾಡಿ ಹಾಲಿಗೆ ಹಾಕಿ ಕುಡಿ. ಮನೆಯವರೆಲ್ಲ ಒಟ್ಟಿಗೆ ಹೊಸತು ಉಂಡ ಹಾಗೆ ಆಗುತ್ತದೆ.

ನಿನ್ನ ಮಾಂಯ್

ಬರೆದವಳು ಕ್ಷೇಮ.

*

ಕುವೈತ್
2-10-1998

ಪ್ರೀತಿಯ ಮಾಂಯ್,

ಕಾಳು ಸಿಕ್ಕಿತು. ಏಳರಲ್ಲಿ ಒಂದನ್ನು ಶಿರ್ವದ ಅಕ್ಕನಿಗೆ ಕೊಟ್ಟೆ, ಅವರ ಮನೆಯಿಂದ ಬಂದಿರಲಿಲ್ಲ. ಹೊಟ್ಟೆ ತುಂಬಾ ಊಟ ಮಾಡುತ್ತಿದ್ದೇನೆ. ಕಿವಿಗೆ ಮಂಗಳೂರಿನಲ್ಲಿ ತೋರಿಸು, ಹಣದ ಬಗ್ಗೆ ಯೋಚನೆ ಮಾಡಬೇಡ.

ಓದುವವಳಿಗೂ ತಿಳಿಸು, ನಾನು ಕ್ಷೇಮ ಅಂತ.

ನಿನ್ನ ಮಗಳು
ಲಿಲ್ಲಿ

*

ಶಂಕರಪುರ
16-9-2003

ಪ್ರೀತಿಯ ಮಗಳಾದ ಲಿಲ್ಲಿಗೆ ಮಾಂಯ್ ಮಾಡುವ ಆಶೀರ್ವಾದಗಳು.

ಮಾರ್ಚ್ ತಿಂಗಳಲ್ಲಿ ಇರಾಕಿನಲ್ಲಿ ಯುದ್ಧ ಅಂತ ಟಿವಿಯಲ್ಲಿ ತೋರಿಸುವಾಗ ನಾನು ಮೂರು ದಿನ ಗಂಜಿ ಬಿಟ್ಟು ಬೇರೇನೂ ಉಣ್ಣಲಿಲ್ಲ. ಈಗ ಎಲ್ಲ ಸರಿ ಇದೆ ಅಂತ ನೀನು ಬರೆದಿದ್ದೀ. ನಂಬುತ್ತೇನೆ.

ಮಂಡಿ ನೋವು ಜಾಸ್ತಿ. ಬೆಳಿಗ್ಗೆ ಮೊಗ್ಗು ಕೊಯ್ಯಲು ಬಗ್ಗಲು ಆಗುವುದಿಲ್ಲ. ಗಿಡ ತೆಗೆಸಿಬಿಡುತ್ತೇನೆ ಎಂದೆ. ಬೇರೆಯವರು ಬಂದು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂ ಮಾರುವ ಕಟ್ಟೆಗೆ ಕೊಟ್ಟು, ಹಣ ತಂದು ಕೊಡುತ್ತಾರೆ. ಯಾರು ಅಂತ ಕೇಳಬೇಡ.

ಕಾಳು ಇಟ್ಟಿದ್ದೇನೆ. ಹಾಲಿಗೆ ಹಾಕಿ ಕುಡಿ.

ನಿನ್ನ ಮಾಂಯ್

ಬರೆದವಳು ಕ್ಷೇಮ. ಬರೆದವಳಿಗೆ ಎರಡನೆಯದು ಹೆಣ್ಣು ಮಗು.

*

ಬಂಟಕಲ್ಲು
10-9-2008

ಲಿಲ್ಲಿ,

ಮತ್ತೆ ನನ್ನ ಹೆಸರಿನಲ್ಲಿ ಬರೆಯುತ್ತಿದ್ದೇನೆ. ಹನ್ನೊಂದು ವರ್ಷ ಆಯಿತು. ಮೊಬೈಲಿನಲ್ಲಿ ಹೇಳಬಹುದಿತ್ತು. ನಿನ್ನ ಅಣ್ಣ ನಂಬರ್ ಕೊಟ್ಟಿದ್ದಾನೆ. ಆದರೆ ಇದು ಹೇಳುವ ವಿಷಯ ಅಲ್ಲ.

ಜುಲೈಯಲ್ಲಿ ನೀನು ಮಾಂಯ್‌ನ ಮಣ್ಣಿಗೆ ಬಂದು ನಾಲ್ಕು ದಿನ ಇದ್ದೆ. ಜನ ತುಂಬಿದ್ದರು. ನಾನು ಹಿಂದಿನ ಜಗಲಿಯಲ್ಲಿ ಹೂ ಕಟ್ಟುತ್ತಾ ಕೂತಿದ್ದೆ. ನೀನು ಒಮ್ಮೆ ಬಂದು ಪಕ್ಕದಲ್ಲಿ ನಿಂತೆ. ಇಬ್ಬರಿಗೂ ಬಾಯಿ ಬರಲಿಲ್ಲ.

ಹೋದ ವಾರ ನಿನ್ನ ಅಣ್ಣ ಮನೆ ಬಾಡಿಗೆಗೆ ಕೊಡುವುದಕ್ಕೆ ಖಾಲಿ ಮಾಡಲು ಕರೆದ. ನಿನ್ನ ಮಾಂಯ್, ನನ್ನ ಬಾಯಮ್ಮನ ಮರದ ಪೆಟ್ಟಿಗೆಯಲ್ಲಿ ಸೀರೆಯ ಅಡಿಯಲ್ಲಿ ಒಂದು ಲಕೋಟೆ ಇತ್ತು. ಒಳಗೆ ನಿನ್ನ ಡ್ರಾಫ್ಟ್. 1997ರದ್ದು. ಹಳದಿಯಾಗಿದೆ.

ಮದುವೆಗೆ ಮೂರು ದಿನ ಇರುವಾಗ ನಾನು ಅದನ್ನು ಬಾಯಮ್ಮನ ಕೈಗೆ ಕೊಟ್ಟು, "ನನಗೆ ಇದು ಬೇಡ, ಅವಳಿಗೆ ಹೇಳಿ" ಎಂದಿದ್ದೆ. ಉದ್ದದ ಪತ್ರ ಕೇಳಿದ್ದೆ, ಎರಡು ಸಾಲು ಬಂದಿತ್ತು. ಬಹಳ ಅತ್ತೆ. ನೀನು ಉತ್ತರ ಕೊಡದ್ದು ನೋಡಿ, ವಾಪಸ್ ಕೊಟ್ಟದ್ದಕ್ಕೆ ಸಿಟ್ಟಾಗಿದ್ದೀ ಅಂತ ತಿಳಿದೆ. ಅವರು ನಿನಗೆ ಹೇಳಲೇ ಇಲ್ಲ ಅಂತ ಹೋದ ವಾರ ಗೊತ್ತಾಯಿತು. ಅವರ ಮೇಲೆ ಕೋಪ ಮಾಡಬೇಡ. ಹೇಳಿದರೆ ನಮ್ಮಿಬ್ಬರದ್ದು ಪೂರ್ತಿ ಕಡಿದು ಹೋಗುತ್ತದೆ ಎಂದು ಹೆದರಿರಬೇಕು. ತಿಂಗಳಿಗೊಮ್ಮೆ ನನ್ನನ್ನು ಕೂರಿಸಿ ಬರೆಸುತ್ತಿದ್ದರು. ಹೇಳಲು ಏನೂ ಇಲ್ಲದಿದ್ದರೂ ಬರೆಸುತ್ತಿದ್ದರು. ಕೊನೆಕೊನೆಗೆ "ನೀನೇ ಏನಾದರೂ ಬರೆ, ನಿನಗೆ ಗೊತ್ತುಂಟಲ್ಲ" ಎನ್ನುತ್ತಿದ್ದರು. ಹೋದ ಎರಡು ವರ್ಷದ ಪತ್ರಗಳಲ್ಲಿ ಅರ್ಧ ನನ್ನವೇ.

ಮೊನ್ನೆ ಹಬ್ಬ ಅಲ್ವಾ? ಇಗರ್ಜಿಗೆ ಹೋದೆ. ಕೊನೆಯಲ್ಲಿ ನಿಂತು ಒಂದು ತೆನೆ ಕೇಳಿದೆ. ಯಾರಿಗೆ ಅಂತ ಕೇಳಿದರು, ಹೇಳಿದೆ. ಕೊಟ್ಟರು. ಏಳು ಕಾಳು ಇಟ್ಟಿದ್ದೇನೆ.

ವನಜ

*

ಕುವೈತ್
26-9-2008, ಶುಕ್ರವಾರ

ವನಜಾ,

ಕಾಳು ಹಾಲಿಗೆ ಹಾಕಿ ಕುಡಿದೆ. ಈ ವರ್ಷ ಬರುವುದಿಲ್ಲ ಅಂತ ತಿಳಿದಿದ್ದೆ.

ನೀನು ಹಣ ತಗೊಂಡು, ಒಂದು ಮಾತೂ ಬರೆಯಲಿಲ್ಲ ಅಂತ ನಾನು ತಿಳಿದಿದ್ದೆ. ಹನ್ನೊಂದು ವರ್ಷ. ಆ ಏಪ್ರಿಲಿನಲ್ಲಿ ವಾರ್ಡಿನಲ್ಲಿ ಇಬ್ಬರು ಬಿಟ್ಟು ಹೋಗಿದ್ದರು. ದಿನಕ್ಕೆ ಹದಿನಾರು ಗಂಟೆ ಕೆಲಸ. ಎರಡು ಸಾಲು ಬರೆದದ್ದು ಬ್ಯಾಂಕಿನ ಕೌಂಟರಿನಲ್ಲಿ ನಿಂತು. ಉದ್ದದ ಪತ್ರ ಆಮೇಲೆ ಬರೆಯುತ್ತೇನೆ ಎಂದುಕೊಂಡೆ. ಬರೆಯಲಿಲ್ಲ. ಅದು ನನ್ನ ತಪ್ಪು. ಕ್ಷಮಿಸು. ಹತ್ತು ನಿಮಿಷ ಕೂತು ಎದ್ದು ಹೋದದ್ದಕ್ಕೂ ಕ್ಷಮಿಸು.

ಮಾಂಯ್ ಪತ್ರಗಳನ್ನು ಒಂದೂ ಬಿಸಾಡಿಲ್ಲ. ಬಿಸ್ಕತ್ ಡಬ್ಬಿಯಲ್ಲಿ ಇವೆ. ಇವತ್ತು ಎಲ್ಲಾ ಹೊರಗೆ ಹಾಕಿ ಓದಿದೆ. ಹೋದ ವರ್ಷ ಒಂದರಲ್ಲಿ "ಮುನ್ನೂರರ ಹತ್ತಿರ ಲೆಕ್ಕ ತಪ್ಪುತ್ತದೆ" ಅಂತ ಇದೆ. ಮಾಂಯ್ ಹೂ ಎಣಿಸುವುದನ್ನು ಬಿಟ್ಟು ಎಷ್ಟು ವರ್ಷ ಆಗಿತ್ತು! ನನಗೆ ಆಗಲೇ ಗೊತ್ತಾಗಬೇಕಿತ್ತು.

ಗಿಡಗಳನ್ನು ತೆಗೆಯಬೇಡಿ ಅಂತ ಅಣ್ಣನಿಗೆ ಹೇಳಿದ್ದೇನೆ. ಬಾಡಿಗೆಗೆ ಬರುವವರಿಗೆ ಮನೆ ಮಾತ್ರ. ಹೂ ನಿನ್ನದು.

ನಿನ್ನ ಮೊದಲ ಪತ್ರವೂ ಅದೇ ಡಬ್ಬಿಯಲ್ಲಿ ಇತ್ತು. ಒಂದು ಪ್ರಶ್ನೆ ಕೇಳಿದ್ದೆ, ನಾನು ಉತ್ತರ ಕೊಟ್ಟಿರಲಿಲ್ಲ. ನನಗೆ ಕಿಟಕಿ ಸೀಟು ಸಿಕ್ಕಿರಲಿಲ್ಲ. ಹಿಂದಿನ ಗಾಜಿನ ಹತ್ತಿರ ಹೋಗಿ ನೋಡಿದೆ. ನೀನು ನೀಲಿ ಕೊಡೆ ಹಿಡಿದಿದ್ದೆ. ಮಳೆ ನಿಂತಿತ್ತು, ನೀನು ಕೊಡೆ ಮಡಚಿರಲಿಲ್ಲ.

ಡಿಸೆಂಬರ್ 19ಕ್ಕೆ ಮತ್ಸ್ಯಗಂಧದಲ್ಲಿ ಬೊಂಬಾಯಿಯಿಂದ ಹೊರಡುತ್ತೇನೆ. ಮರುದಿನ ಬೆಳಿಗ್ಗೆ ಇಂದ್ರಾಳಿ ಸ್ಟೇಷನ್ನಿಗೆ ಬಾ. ಅಣ್ಣನಿಗೆ ಬರಬೇಡ ಎಂದಿದ್ದೇನೆ.

ನಿನ್ನ
ಲಿಲ್ಲಿ