ಚಂದನ್‌ಗೆ, ಗಣಿತದ ಮಿಸ್‌ನಿಂದ

ಚಂದನ್,

ಊಟ ಆಯ್ತಾ? ಇದು ಸ್ವಲ್ಪ ಉದ್ದದ ಮೆಸೇಜು. ವಾಯ್ಸ್ ಕಳಿಸೋಣ ಅಂದುಕೊಂಡೆ, ಆಮೇಲೆ ಬೇಡ ಅನ್ನಿಸಿತು. ನೀನು ಅದನ್ನು ಮನೆಯವರ ಮುಂದೆ ಜೋರಾಗಿ ಹಾಕಿಬಿಟ್ಟರೆ ನಿನಗೇ ಕಷ್ಟ. ಅದಕ್ಕೆ ಕೂತು ಟೈಪ್ ಮಾಡುತ್ತಿದ್ದೇನೆ. ಒಬ್ಬನೇ ಇದ್ದಾಗ ಪೂರ್ತಿ ಓದು.

ಶಿವರಾತ್ರಿ ಆದ ಮೇಲೆ ನಮ್ಮ ಟ್ಯೂಷನ್ 12 ಕ್ಲಾಸ್ ಆಗಿದೆ. ನೀನು ಬಂದಿರುವುದು 3ಕ್ಕೆ. ಎಸ್‌ಎಸ್‌ಎಲ್‌ಸಿ ಗಣಿತ ಪೇಪರ್‌ಗೆ ಇವತ್ತಿಗೆ ಸರಿಯಾಗಿ 24 ದಿನ ಇದೆ.

ಮೊದಲ ದಿನ ಕಬ್ಬು ಕಡಿಯುವವರು ಬಂದಿದ್ದಾರೆ ಅಂದೆ. ಸರಿ, ಒಪ್ಪಿದೆ. ಕಟಾವಿನ ಕಾಲದಲ್ಲಿ ನಿಮ್ಮ ಕಡೆ ಮನೆಮಂದಿಯೆಲ್ಲ ಗದ್ದೆಯಲ್ಲೇ ಇರುತ್ತಾರೆ ಅಂತ ನನಗೂ ಗೊತ್ತು. ಆಮೇಲೆ ತಲೆನೋವು. ಆಮೇಲೆ ಹೊಳಲು ಬಸ್ ತಪ್ಪಿತು. ಭಾನುವಾರ ನೆಂಟರ ಮನೆಯಲ್ಲಿ ಬಾಡೂಟ ಇತ್ತು, ಅದಕ್ಕೆ ಸೋಮವಾರ ಹೊಟ್ಟೆ ಸರಿ ಇರಲಿಲ್ಲ. ಕೊನೆಗೆ ಅಜ್ಜಿಗೆ ಹುಷಾರಿಲ್ಲ. ನಿಮ್ಮ ಅಜ್ಜಿ ಮೊನ್ನೆ ಮಾರ್ಕೆಟ್‌ನಲ್ಲಿ ನನಗೆ ಸಿಕ್ಕಿದ್ದರು ಕಣೋ. ಸೊಪ್ಪಿನವಳ ಹತ್ತಿರ ಐದು ರೂಪಾಯಿಗೆ ಜಗಳ ಆಡುತ್ತಿದ್ದರು. ನನಗಿಂತ ಗಟ್ಟಿಯಾಗಿದ್ದರು. ನಾನು ಏನೂ ಕೇಳಲಿಲ್ಲ. ಅವರೇ "ನಮ್ಮ ಹುಡುಗ ಚೆನ್ನಾಗಿ ಓದ್ತಾನಾ ಮಿಸ್ಸೇ?" ಅಂದರು. ನಾನು ಹೂಂ ಅಂದುಬಿಟ್ಟೆ. ಆ ಸುಳ್ಳಿನಲ್ಲಿ ಅರ್ಧ ಪಾಲು ನಿನ್ನದು.

ಸಂಜೆ ಐದೂವರೆ ಹೊತ್ತಿಗೆ ನೀನು ನಾಲೆ ಏರಿ ಮೇಲೆ ಕೂತಿರುತ್ತೀಯ ಅಂತ ಹರ್ಷ ಹೇಳಿದ. ಅವನನ್ನು ಬೈಯಬೇಡ. ಚಾಡಿ ಹೇಳಲು ಬಂದವನಲ್ಲ ಅವನು. ನಿನ್ನ ಜಾಗ ಖಾಲಿ ಇಟ್ಟುಕೊಂಡು, ನಿನ್ನ ನೋಟ್ಸನ್ನೂ ಅವನೇ ಬರೆಯುತ್ತಿದ್ದಾನೆ. ಯಾಕೋ ಅಂತ ನಾನೇ ಒತ್ತಾಯ ಮಾಡಿ ಕೇಳಿದೆ. ಇನ್ನೊಂದು ಮಾತು, ಕ್ಲಾಸಿಗೆ ಸಂಬಂಧವಿಲ್ಲ: ನಾಲೆಗೆ ಇಳಿಯಬೇಡ. ನೀರು ನಿಧಾನವಾಗಿ ಹೋಗುತ್ತಿದೆ ಅನ್ನಿಸುತ್ತದೆ, ಆದರೆ ಒಳಗೆ ಸೆಳೆತ ಇರುತ್ತದೆ. ಪಕ್ಕದ ಕಟ್ಟೆ ಪಾಚಿ ಕಟ್ಟಿರುತ್ತದೆ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಈಜು ಬಂದವರೂ ಹೋಗಿದ್ದಾರೆ.

ಈಗ ನನ್ನ ಅನುಮಾನ ಹೇಳುತ್ತೇನೆ. ತಪ್ಪಾಗಿದ್ದರೆ ಹೇಳು. ನೀನು ಸೋಮಾರಿ ಅಲ್ಲ. ಸೋಮಾರಿ ಆಗಿದ್ದರೆ ಜೂನ್‌ನಿಂದ ಜನವರಿವರೆಗೆ ಎರಡೇ ಎರಡು ಕ್ಲಾಸ್ ತಪ್ಪಿಸುತ್ತಿರಲಿಲ್ಲ. ಎರಡನೇ ಪ್ರಿಪರೇಟರಿ ಪೇಪರ್ ಕೈಗೆ ಬಂದ ಮೇಲೆ ಇದೆಲ್ಲ ಶುರುವಾಗಿದ್ದು. 80ಕ್ಕೆ 26. ಆ ಪೇಪರನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟು, ಚಪ್ಪಲಿ ಕೂಡ ಸರಿಯಾಗಿ ಹಾಕಿಕೊಳ್ಳದೆ ಹೊರಟೆಯಲ್ಲ, ಅವತ್ತಿನಿಂದ. ಅವತ್ತು ಮಾನಸ 71 ಅಂತ ಎಲ್ಲರ ಮುಂದೆ ಓದಿದೆ ನಾನು. ಓದಬಾರದಿತ್ತು. ಅದು ನನ್ನ ತಪ್ಪು. ಇನ್ನು ಮೇಲೆ ಯಾರ ಅಂಕವನ್ನೂ ಜೋರಾಗಿ ಓದುವುದಿಲ್ಲ.

ನಾನೂ ಪಿಯುಸಿಯಲ್ಲಿ ಫಿಸಿಕ್ಸ್ ಲ್ಯಾಬಿಗೆ ಹೋಗದೆ ಸಿಲ್ವರ್ ಜೂಬಿಲಿ ಪಾರ್ಕಿನಲ್ಲಿ ಕಡಲೆಕಾಯಿ ತಿಂದುಕೊಂಡು ಕೂತಿದ್ದವಳೇ. ಒಂದು ರೀಡಿಂಗ್ ತಪ್ಪು ಬಂದಿದ್ದಕ್ಕೆ. ಮೊದಲ ದಿನ ಹೋಗದೆ ಇದ್ದಿದ್ದು ಭಯಕ್ಕೆ. ಎರಡನೇ ದಿನ ಹೋಗದೆ ಇದ್ದಿದ್ದು ಮೊದಲ ದಿನ ಹೋಗಲಿಲ್ಲವಲ್ಲ ಅಂತ. ನಾಲ್ಕನೇ ದಿನಕ್ಕೆ ಲ್ಯಾಬಿನ ಬಾಗಿಲು ನೋಡಿದರೇ ಕಾಲು ಬರುತ್ತಿರಲಿಲ್ಲ. ಅದಕ್ಕೇ ನಿನಗೆ ಏನಾಗಿದೆ ಅಂತ ಊಹೆ ಮಾಡಬಲ್ಲೆ.

ಆ ಪೇಪರ್ ಇನ್ನೂ ನನ್ನ ಹತ್ತಿರವೇ ಇದೆ. ನಿನ್ನೆ ರಾತ್ರಿ ಬಿಡಿಸಿ ಕೂತು ನೋಡಿದೆ. ನೀನು ನೋಡಿದ್ದೀಯಾ? ಮೇಲಿನ 26 ಬಿಟ್ಟು ಒಳಗೆ ನೋಡಿರಲಾರೆ.

ಸಮಾಂತರ ಶ್ರೇಢಿ ಲೆಕ್ಕ ತೆಗೆದುಕೋ. 4, 10, 16, ... ಇದರಲ್ಲಿ 100 ಎಷ್ಟನೇ ಪದ ಅಂತ ಕೇಳಿದ್ದಾರೆ. ನೀನು 100ರಲ್ಲಿ 4 ಕಳೆದೆ, 96 ಬಂತು. 6ರಿಂದ ಭಾಗಿಸಿದೆ, 16 ಬಂತು. ಅಲ್ಲಿಗೆ ಗೆರೆ ಎಳೆದು ನಿಲ್ಲಿಸಿದ್ದೀಯ! ಆ 16 ಅಂದರೆ n − 1 ಕಣೋ. n ಅಂದರೆ 17. ನಿಮ್ಮ ಗದ್ದೆಗೆ ಬೇಲಿ ಹಾಕುವಾಗ ಗೂಟ ನೆಟ್ಟಿದ್ದೀಯಲ್ಲ. ಒಂದೇ ಸಾಲಿನಲ್ಲಿ 16 ಸಂದು ಇದ್ದರೆ ಗೂಟ ಎಷ್ಟು? 17 ಅಲ್ವಾ? ಗದ್ದೆಯಲ್ಲಿ ಯಾವತ್ತೂ ನೀನು ಗೂಟ ಕಮ್ಮಿ ತಂದಿರುವುದಿಲ್ಲ. ಪೇಪರ್‌ನಲ್ಲಿ ಮಾತ್ರ ಒಂದು ಗೂಟ ಮನೆಯಲ್ಲೇ ಬಿಟ್ಟು ಬಂದಿದ್ದೀಯ. ಒಂದು ಅಂಕ ಹೋಯಿತು.

ವರ್ಗ ಸಮೀಕರಣ, x² − 3x − 10 = 0. ಅಪವರ್ತನ ಚೆನ್ನಾಗಿ ಮಾಡಿದ್ದೀಯ, (x − 5)(x + 2) = 0. ಆಮೇಲೆ x = 5 ಅಂತ ಬರೆದು ಮುಂದಿನ ಲೆಕ್ಕಕ್ಕೆ ಹಾರಿದ್ದೀಯ. x = −2 ಎಲ್ಲಿ? ಇನ್ನೊಂದು ಅಂಕ.

ಗ್ರಾಫ್ ನೋಡಿ ನನಗೆ ಖುಷಿಯೂ ಆಯಿತು, ಸಿಟ್ಟೂ ಬಂತು. x + y = 5 ಮತ್ತು 2x − y = 4. ಎರಡು ಗೆರೆಯೂ ಎಷ್ಟು ನೀಟಾಗಿದೆ! ಅಳತೆ ಬರೆದಿದ್ದೀಯ, ಕೋಷ್ಟಕ ಹಾಕಿದ್ದೀಯ. ಗೆರೆಗಳು (3, 2)ರಲ್ಲಿ ಸರಿಯಾಗಿ ಕೂಡಿವೆ. ಆದರೆ ಕೆಳಗೆ x = 3, y = 2 ಅನ್ನುವ ಒಂದು ಸಾಲು ಇಲ್ಲ. ಅಲ್ಲೂ ಒಂದು ಅಂಕ. ಇಷ್ಟೆಲ್ಲ ಅಡುಗೆ ಮಾಡಿ ಬಡಿಸುವುದನ್ನೇ ಮರೆತರೆ ಹೇಗಪ್ಪಾ?

ಥೇಲ್ಸ್ ಪ್ರಮೇಯಕ್ಕೆ ಚಿತ್ರ, ದತ್ತ, ಸಾಧನೀಯ ಬರೆದು ಬಿಟ್ಟಿದ್ದೀಯ. ಡಿಸೆಂಬರ್‌ನಲ್ಲಿ ಇದನ್ನೇ ನನ್ನ ಬೋರ್ಡ್ ಮೇಲೆ ಒಂದೂ ತಪ್ಪಿಲ್ಲದೆ ಸಾಧಿಸಿ ತೋರಿಸಿದವನು ನೀನೇ. ಎರಡು ಲಂಬ ಎಳೆಯುವ ರಚನೆ ಬರೆದು, ತ್ರಿಭುಜಗಳ ವಿಸ್ತೀರ್ಣದ ಅನುಪಾತಕ್ಕೆ ಕೈ ಹಾಕಿದ್ದರೂ ಇನ್ನೆರಡು ಅಂಕ ಬರುತ್ತಿತ್ತು.

ಒಟ್ಟು ಐದು. ಹೊಸದಾಗಿ ಏನೂ ಕಲಿಯದೆಯೇ ಈ ಪೇಪರ್ 31 ಆಗಬೇಕಿತ್ತು. ಇದರ ಮೇಲೆ ಬಹು ಆಯ್ಕೆಯಲ್ಲಿ ಮೂರನ್ನು ಖಾಲಿ ಬಿಟ್ಟಿದ್ದೀಯ. ತಪ್ಪು ಬರೆದರೆ ಅಂಕ ಕಳೆಯುವುದಿಲ್ಲ ಅಂತ ಎಷ್ಟು ಸಲ ಹೇಳಿಲ್ಲ? ಖಾಲಿ ಮಾತ್ರ ಬಿಡಬೇಡ ಮಾರಾಯ.

ಇನ್ನು ನೀನು ಬಾರದ ದಿನಗಳಲ್ಲಿ ಆದ ಪಾಠ. ಸಂಖ್ಯಾಶಾಸ್ತ್ರ ಮುಗಿಯಿತು, ಸಂಭವನೀಯತೆ ಮುಗಿಯಿತು, ಘನಫಲದ ಪಾಠ ಅರ್ಧ ಆಗಿದೆ. ಗಾಬರಿ ಆಗಬೇಡ. ಸಂಖ್ಯಾಶಾಸ್ತ್ರಕ್ಕೆ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ವರ್ಗಾಂತರದ ಮಧ್ಯಬಿಂದು ಹುಡುಕು, ಆವೃತ್ತಿಯಿಂದ ಗುಣಿಸು, ಎಲ್ಲ ಕೂಡಿ ಒಟ್ಟು ಆವೃತ್ತಿಯಿಂದ ಭಾಗಿಸು. ಅಷ್ಟೇ ಸರಾಸರಿ. ಬಹುಲಕ, ಮಧ್ಯಾಂಕಕ್ಕೆ ಒಂದೊಂದು ಸೂತ್ರ ಇದೆ. ಅಕ್ಷರ ಯಾವುದು ಏನು ಅಂತ ಗೊತ್ತಾದರೆ ಬೆಲೆ ಹಾಕುವುದಷ್ಟೇ ಕೆಲಸ. ಒಂದು ಸಂಜೆ ಕೂತರೆ ಸಾಕು. ಸಂಭವನೀಯತೆಗೆ ಅರ್ಧ ಗಂಟೆ ಜಾಸ್ತಿ. ಘನಫಲ ಸ್ವಲ್ಪ ಸಮಯ ತಿನ್ನುತ್ತದೆ, ಅದನ್ನು ಭಾನುವಾರಗಳಿಗೆ ಇಟ್ಟುಕೊಳ್ಳೋಣ. ನಿರ್ದೇಶಾಂಕದಲ್ಲಿ ದೂರದ ಸೂತ್ರ ನಿನಗೆ ಬರುತ್ತದೆ, ಮೈನಸ್ ಚಿಹ್ನೆ ನೋಡಿಕೊಂಡರೆ ಸಾಕು.

"ಪರೀಕ್ಷೆ-2 ಇದೆಯಲ್ಲ, ಅದರಲ್ಲಿ ನೋಡ್ಕೊಂಡ್ರಾಯ್ತು" ಅಂತ ಹರ್ಷನಿಗೆ ಅಂದೆಯಂತೆ. ಇದೆ, ಇಲ್ಲ ಅನ್ನುವುದಿಲ್ಲ. ನಿಜವಾಗಿ ಪೇಪರ್ ಕೈಕೊಟ್ಟವರಿಗೆ ಅದು ಒಳ್ಳೆಯ ವ್ಯವಸ್ಥೆ, ನಾನು ಕೀಳಾಗಿ ಮಾತಾಡುವುದಿಲ್ಲ. ಆದರೆ ಆಗ ಹರ್ಷ, ಮಾನಸ ಎಲ್ಲ ಮುಗಿಸಿ ರಜೆಯಲ್ಲಿರುತ್ತಾರೆ. ಬ್ಯಾಚ್ ಇರುವುದಿಲ್ಲ. ಬಿಸಿಲಲ್ಲಿ ನೀನೊಬ್ಬನೇ ಕೂತು ಇದೇ ಗೂಟದ ಲೆಕ್ಕ ಮಾಡಬೇಕು. ಈಗ 24 ದಿನ ಕೂರದವನು ಆಗ ಕೂರುತ್ತೀಯಾ? ನನಗೆ ನಂಬಿಕೆ ಇಲ್ಲ, ನೇರವಾಗಿ ಹೇಳುತ್ತೇನೆ. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ತೆಗೆದುಕೊಳ್ಳುತ್ತೇನೆ ಅಂದವನು ನೀನೇ. ಅಲ್ಲಿ ಸೀಟಿಗೆ ಗಣಿತ, ವಿಜ್ಞಾನದ ಅಂಕವನ್ನೇ ನೋಡುತ್ತಾರೆ.

ನಿನ್ನೆ ನಿಮ್ಮ ಅಮ್ಮ ಫೋನ್ ಮಾಡಿದ್ದರು. ನಿನ್ನನ್ನು ವಿಚಾರಿಸಲು ಅಲ್ಲ. "ಮಿಸ್, ಚಂದನ್‌ಗೆ ಇನ್ನೊಂದು ಗ್ರಾಫ್ ಪುಸ್ತಕ ಬೇಕಾ, ಪೇಟೆಗೆ ಬರ್ತಾ ಇದ್ದೀನಿ" ಅಂತ. ನೀನು ದಿನಾ ಇಲ್ಲಿಗೆ ಬರುತ್ತಿದ್ದೀಯ ಅಂತಲೇ ಅವರು ತಿಳಿದಿದ್ದಾರೆ. ನನ್ನ ಬಾಯಿಗೆ ಬಂದಿದ್ದನ್ನು ನುಂಗಿಕೊಂಡು ಬೇಡ ಅಂದೆ. ಇನ್ನೊಂದು ಸಲ ನುಂಗಲು ಆಗುವುದಿಲ್ಲ. ಇದು ಫೀಸಿನ ಮಾತಲ್ಲ, ಅವರು ತಿಂಗಳ ಮೊದಲೇ ಕೊಟ್ಟುಬಿಡುತ್ತಾರೆ. ಆದರೆ ನೀನು ನಾಲೆ ಮೇಲೆ ಇದ್ದಾಗ ನನ್ನ ಮನೆಯಲ್ಲಿದ್ದೀಯ ಅಂತ ಅವರು ನೆಮ್ಮದಿಯಾಗಿ ಮುದ್ದೆ ತಿರುವುತ್ತಿರುತ್ತಾರಲ್ಲ, ನಾಳೆ ಏನಾದರೂ ಆದರೆ ನಾನು ಏನು ಉತ್ತರ ಕೊಡಲಿ? ಅದಕ್ಕೇ ಶನಿವಾರದವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನೀನೇ ಅಮ್ಮನಿಗೆ ಹೇಳು. ಬೈಯುತ್ತಾರೆ, ಬೈಯಲಿ. ನೀನು ಹೇಳದಿದ್ದರೆ ಶನಿವಾರ ರಾತ್ರಿ ನಾನು ಫೋನ್ ಮಾಡುತ್ತೇನೆ. ಹೆದರಿಸುತ್ತಿಲ್ಲ, ಮುಂಚೆಯೇ ತಿಳಿಸುತ್ತಿದ್ದೇನೆ.

ಮನೆಯಲ್ಲಿ ಬೇರೆ ಏನಾದರೂ ತೊಂದರೆ ಇದ್ದರೆ, ದುಡ್ಡಿನದೋ, ಅಪ್ಪನ ಕೆಲಸದ್ದೋ, ಅದನ್ನೂ ಹೇಳು. ಸಂಜೆ ಗದ್ದೆಗೆ ಹೋಗಲೇಬೇಕು ಅಂದರೆ ಬೆಳಗ್ಗೆ ಆರಕ್ಕೆ ಬಾ. ನಾನು ಎದ್ದಿರುತ್ತೇನೆ.

ನಾಳೆ ಐದೂವರೆಗೆ ಅಲ್ಲ, ಐದಕ್ಕೇ ಬಾ. ಉಳಿದವರು ಬರುವ ಮೊದಲು ಅರ್ಧ ಗಂಟೆ ನಾವಿಬ್ಬರೇ ಈ ಪೇಪರ್ ನೋಡೋಣ. ಹೋಮ್‌ವರ್ಕ್ ಮಾಡಿಲ್ಲ ಅಂತ ನಿಲ್ಲಬೇಡ, ನಾನು ಕೇಳುವುದಿಲ್ಲ. ಇಷ್ಟು ದಿನ ಎಲ್ಲಿದ್ದೆ ಅಂತ ಬೇರೆ ಯಾರಾದರೂ ಕೇಳಿದರೆ ಆ ಮಾತು ನಾನು ನೋಡಿಕೊಳ್ಳುತ್ತೇನೆ. ಜಾಮೆಟ್ರಿ ಬಾಕ್ಸ್ ತಾ. ಕಂಪಾಸಿನ ಸ್ಕ್ರೂ ಸಡಿಲ ಆಗಿತ್ತಲ್ಲ, ಅಣ್ಣನ ಹತ್ತಿರ ಬಿಗಿ ಮಾಡಿಸಿಕೊಂಡು ಬಾ. ಹರ್ಷನ ಪಕ್ಕದ ಜಾಗ ಹಾಗೇ ಇದೆ.

ಓದಿದ ಮೇಲೆ ಬರುತ್ತೀಯೋ ಇಲ್ಲವೋ ಅಂತ ಬರೆದು ಕಳಿಸು. ಸುಮ್ನೆ ಹೆಬ್ಬೆರಳಿನ ಚಿತ್ರ ಹಾಕಿ ತಪ್ಪಿಸಿಕೊಳ್ಳಬೇಡ.

ನಿನ್ನ ಮಿಸ್