ಕಳೆದುಹೋದ ಪಾಲಿಸಿ ಬಾಂಡ್‌ಗೆ ಬದಲಾಗಿ ಡೂಪ್ಲಿಕೇಟ್ ಬಾಂಡ್ ಕೋರಿ ಪತ್ರ

ಮೈಸೂರು
10-11-2025

ಇವರಿಂದ:
ಎಚ್. ಎಸ್. ಮಂಜುನಾಥ
ಪ್ರೌಢಶಾಲಾ ಶಿಕ್ಷಕ
ಮನೆ ನಂ. 412, ಮೊದಲ ಮಹಡಿ, 7ನೇ ಕ್ರಾಸ್
ಕುವೆಂಪುನಗರ, ಮೈಸೂರು – 570023

ಇವರಿಗೆ:
ಶಾಖಾ ವ್ಯವಸ್ಥಾಪಕರು
ಭಾರತೀಯ ಜೀವ ವಿಮಾ ನಿಗಮ
ಹಾಸನ

ಮಾನ್ಯರೇ,

ವಿಷಯ: ಪಾಲಿಸಿ ನಂ. 722015683ರ ಮೂಲ ಬಾಂಡ್ ಮನೆ ಬದಲಾಯಿಸುವಾಗ ಕಳೆದುಹೋಗಿರುವುದರಿಂದ ಡೂಪ್ಲಿಕೇಟ್ ಬಾಂಡ್ ಕೊಡಲು ಕೋರಿಕೆ.

ನಾನು ನಿಮ್ಮ ಶಾಖೆಯ ಹಳೆಯ ಪಾಲಿಸಿದಾರ. 28-03-2006ರಂದು ಜೀವನ್ ಆನಂದ್ (ಪ್ಲಾನ್ 149) ಪಾಲಿಸಿ ಮಾಡಿಸಿದ್ದೆ. ಅವಧಿ 20 ವರ್ಷ, ವಿಮಾ ಮೊತ್ತ 5 ಲಕ್ಷ ರೂಪಾಯಿ, ವರ್ಷಕ್ಕೊಂದು ಕಂತು. 2025ರ ಮಾರ್ಚ್‌ನಲ್ಲಿ ಕಟ್ಟಿದ್ದೇ 20ನೇ ಮತ್ತು ಕೊನೆಯ ಕಂತು. ಒಂದು ಕಂತೂ ತಪ್ಪಿಲ್ಲ, ಪಾಲಿಸಿ ಒಮ್ಮೆಯೂ ಲ್ಯಾಪ್ಸ್ ಆಗಿಲ್ಲ. 28-03-2026ಕ್ಕೆ ಮೆಚ್ಯೂರಿಟಿ.

ಈ ವರ್ಷ ನನಗೆ ಹಾಸನದಿಂದ ಮೈಸೂರಿಗೆ ವರ್ಗವಾಯಿತು. ಆಗಸ್ಟ್ 24ರ ಭಾನುವಾರ ವಿದ್ಯಾನಗರದ ಬಾಡಿಗೆ ಮನೆ ಖಾಲಿ ಮಾಡಿದೆವು. ಸಾಮಾನೆಲ್ಲ ಒಂದು ಬಾಡಿಗೆ ಕ್ಯಾಂಟರ್‌ನಲ್ಲಿ ಹೊಳೆನರಸೀಪುರ, ಕೆ.ಆರ್. ನಗರದ ದಾರಿಯಲ್ಲಿ ಬಂತು. ಒಟ್ಟು 31 ರಟ್ಟಿನ ಪೆಟ್ಟಿಗೆ. ಪ್ರತಿಯೊಂದರ ಮೇಲೂ ನಂಬರ್ ಬರೆದು, ಒಳಗೆ ಏನಿದೆ ಎಂದು ಒಂದು ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಂಡಿದ್ದೆವು. ಕಾಗದಪತ್ರಗಳು ಎರಡು ಫೈಲ್‌ಗಳಲ್ಲಿದ್ದವು. ಮಕ್ಕಳ ಮಾರ್ಕ್ಸ್ ಕಾರ್ಡ್, ಗ್ಯಾಸ್ ಪುಸ್ತಕ, ನನ್ನ ಸೇವೆಗೆ ಸಂಬಂಧಿಸಿದ ಆದೇಶಗಳು ಇದ್ದ ಫೈಲನ್ನು ನನ್ನ ಕೈಚೀಲದಲ್ಲೇ ಇಟ್ಟುಕೊಂಡು ಬಂದೆ. ಪಾಲಿಸಿ ಬಾಂಡ್ ಇದ್ದ ನೀಲಿ ಪ್ಲಾಸ್ಟಿಕ್ ಫೈಲನ್ನು ಪುಸ್ತಕದ ಪೆಟ್ಟಿಗೆಗೆ, ನಮ್ಮ ಪಟ್ಟಿಯ 17ನೇ ನಂಬರಿನದಕ್ಕೆ, ಹಾಕಿದ್ದೆವು. ಅದನ್ನೂ ಕೈಯಲ್ಲೇ ತರಬೇಕಿತ್ತು. ಆ ತಪ್ಪು ನನ್ನದು.

ಸೆಪ್ಟೆಂಬರ್ 14ರಂದು ಬೀರು ಜೋಡಿಸುವಾಗ ನನ್ನ ಹೆಂಡತಿ ಸುಜಾತಾ ಆ ಫೈಲ್ ಕೇಳಿದರು. 17ನೇ ಪೆಟ್ಟಿಗೆ ಬಿಚ್ಚಿದರೆ ಪುಸ್ತಕಗಳು ಇದ್ದವು, ಫೈಲ್ ಇರಲಿಲ್ಲ. ಮಿಕ್ಕ ಪೆಟ್ಟಿಗೆಗಳನ್ನೂ ಒಂದೊಂದಾಗಿ ಖಾಲಿ ಮಾಡಿ ನೋಡಿದೆವು. ಪುಸ್ತಕಗಳ ಪುಟಗಳ ನಡುವೆಯೂ ಹುಡುಕಿದೆವು. ಸೆಪ್ಟೆಂಬರ್ 20ರಂದು ನಾನೇ ಹಾಸನಕ್ಕೆ ಹೋಗಿ ಹಳೆಯ ಮನೆಯ ಅಟ್ಟ, ಗೋಡೆ ಕಪಾಟು, ಸಜ್ಜೆ ಎಲ್ಲವನ್ನೂ ಮಾಲೀಕರ ಜೊತೆ ನಿಂತು ನೋಡಿದೆ. ಸಾಮಾನು ತಂದ ಗಾಡಿಯವರನ್ನೂ ವಿಚಾರಿಸಿದೆ. ಹೊರಡುವ ಹಿಂದಿನ ದಿನ ಹಳೆಯ ಪೇಪರ್, ನೋಟ್‌ಬುಕ್‌ಗಳನ್ನು ಗುಜರಿಗೆ ಹಾಕಿದ್ದೆವು. ಅದರ ಜೊತೆ ಫೈಲೂ ಹೋಗಿರಬಹುದು ಎನ್ನುವುದು ನಮ್ಮ ಅನುಮಾನ, ಖಚಿತವಾಗಿ ಹೇಳುವುದಕ್ಕೆ ಆಗುವುದಿಲ್ಲ. ಗುಜರಿ ಅಂಗಡಿಗೂ ಹೋಗಿದ್ದೆ. ಅಷ್ಟು ಹೊತ್ತಿಗೆ ಆ ಪೇಪರೆಲ್ಲ ಲೋಡ್ ಆಗಿ ಹೋಗಿತ್ತು.

ಸೆಪ್ಟೆಂಬರ್ 22ರಂದು ಪೊಲೀಸ್ ಇಲಾಖೆಯ ಇ-ಲಾಸ್ಟ್ ಮೂಲಕ ವರದಿ ದಾಖಲಿಸಿದೆ. ದಸರಾ ರಜೆ ಇದ್ದುದರಿಂದ 26ರಂದು ನಿಮ್ಮ ಶಾಖೆಗೆ ಬಂದೆ. ಪಾಲಿಸಿ ಸರ್ವೀಸಿಂಗ್ ಕೌಂಟರ್‌ನಲ್ಲಿದ್ದ ಮೇಡಂ ತಾಳ್ಮೆಯಿಂದ ಎಲ್ಲವನ್ನೂ ವಿವರಿಸಿದರು. ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಒಂದು ತಿಂಗಳು ಕಾಯಬೇಕು, ಯಾರಿಂದಲೂ ತಕರಾರು ಬರದಿದ್ದರೆ ಇಂಡೆಮ್ನಿಟಿ ಬಾಂಡ್ ಮತ್ತು ಪ್ರಶ್ನಾವಳಿ ಜೊತೆ ಅರ್ಜಿ ಕೊಡಬೇಕು ಎಂದರು. ಅವರಿಗೆ ನನ್ನ ಧನ್ಯವಾದ ತಿಳಿಸಿ. ಅವರು ಹೇಳಿದಂತೆಯೇ ಅಕ್ಟೋಬರ್ 7ರಂದು ರಾಜ್ಯದಲ್ಲಿ ಹೆಚ್ಚು ಪ್ರಸಾರ ಇರುವ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಪ್ರಕಟಣೆ ಹಾಕಿಸಿದೆ. ಫೈಲ್ ಸಿಕ್ಕಿದ್ದರೆ ಹಾಸನದ ಸುತ್ತಮುತ್ತಲಿನವರಿಗೇ ಸಿಕ್ಕಿರಬೇಕು, ಅಲ್ವಾ? ಅದಕ್ಕೇ ಅದೇ ದಿನ ಒಂದು ಕನ್ನಡ ಪತ್ರಿಕೆಯಲ್ಲೂ ಕೊಟ್ಟೆ. ಕನ್ನಡ ಪ್ರಕಟಣೆ ಹೀಗಿತ್ತು:

"ಭಾರತೀಯ ಜೀವ ವಿಮಾ ನಿಗಮದ ಹಾಸನ ಶಾಖೆಯಿಂದ ಎಚ್. ಎಸ್. ಮಂಜುನಾಥ ಅವರ ಹೆಸರಿಗೆ ನೀಡಲಾದ ಪಾಲಿಸಿ ನಂ. 722015683ರ ಮೂಲ ಬಾಂಡ್ ಕಳೆದುಹೋಗಿದೆ. ಬಾಂಡ್ ಸಿಕ್ಕವರು ಅಥವಾ ಈ ಪಾಲಿಸಿಯ ಮೇಲೆ ಯಾವುದೇ ಹಕ್ಕು ಇರುವವರು ಇಂದಿನಿಂದ ಒಂದು ತಿಂಗಳ ಒಳಗೆ ಹಾಸನ ಶಾಖೆಗೆ ತಿಳಿಸಬೇಕು. ಇಲ್ಲದಿದ್ದರೆ ಡೂಪ್ಲಿಕೇಟ್ ಬಾಂಡ್ ನೀಡಲಾಗುವುದು."

ಒಂದು ತಿಂಗಳು ಮುಗಿದಿದೆ. ನನ್ನನ್ನು ಯಾರೂ ಸಂಪರ್ಕಿಸಿಲ್ಲ. ನಿಮ್ಮ ಶಾಖೆಗೆ ಏನಾದರೂ ತಕರಾರು ಬಂದಿದ್ದರೆ ದಯವಿಟ್ಟು ತಿಳಿಸಿ.

ಬಾಂಡ್‌ನ ಹಿಂಬದಿಯಲ್ಲಿ ಎರಡು ವಿಷಯ ದಾಖಲಾಗಿದ್ದವು. ಡೂಪ್ಲಿಕೇಟ್ ತಯಾರಿಸುವಾಗ ಅವನ್ನು ನಿಮ್ಮ ದಾಖಲೆಯೊಂದಿಗೆ ತಾಳೆ ನೋಡಬೇಕು.

ಮೊದಲನೆಯದು ಸಾಲ. 2011ರಲ್ಲಿ ನನ್ನ ತಾಯಿಯ ಆಪರೇಷನ್‌ಗೆಂದು ಇದೇ ಪಾಲಿಸಿಯ ಮೇಲೆ ನಿಗಮದಿಂದ 40,000 ರೂಪಾಯಿ ಸಾಲ ಪಡೆದಿದ್ದೆ. ಆಗ ಬಾಂಡನ್ನು ನಿಗಮದ ಹೆಸರಿಗೆ ಅಸೈನ್ ಮಾಡಿ ಶಾಖೆಯಲ್ಲೇ ಇಟ್ಟುಕೊಂಡಿದ್ದರು. 2014ರಲ್ಲಿ ಅಸಲು, ಬಡ್ಡಿ ಎರಡನ್ನೂ ತೀರಿಸಿದೆ. ಬಾಂಡನ್ನು ಮತ್ತೆ ನನ್ನ ಹೆಸರಿಗೆ ಮಾಡಿ ಕೈಗೆ ಕೊಟ್ಟರು. ಅಂದಿನಿಂದ ಅದು ನನ್ನ ಹತ್ತಿರವೇ ಇತ್ತು. ಸಾಲ ತೀರಿಸಿದ ರಸೀದಿ ಇನ್ನೊಂದು ಫೈಲ್‌ನಲ್ಲಿ ಇದ್ದುದರಿಂದ ಉಳಿದಿದೆ. ಅದರ ಪ್ರತಿ ಲಗತ್ತಿಸಿದ್ದೇನೆ.

ಎರಡನೆಯದು ನಾಮಿನಿ. ಪಾಲಿಸಿ ಮಾಡಿಸುವಾಗ ನನಗೆ ಮದುವೆ ಆಗಿರಲಿಲ್ಲ, ಹಾಗಾಗಿ ಅಮ್ಮನ ಹೆಸರು ಕೊಟ್ಟಿದ್ದೆ. ಅವರು 2019ರಲ್ಲಿ ತೀರಿಕೊಂಡರು. 2020ರಲ್ಲಿ ಸುಜಾತಾ ಹೆಸರಿಗೆ ನಾಮಿನಿ ಬದಲಾಯಿಸಿದೆ, ಅದನ್ನು ಬಾಂಡ್ ಮೇಲೆ ನಮೂದಿಸಿಯೂ ಕೊಟ್ಟಿದ್ದರು. ಡೂಪ್ಲಿಕೇಟ್ ಬಾಂಡ್‌ನಲ್ಲಿ ಇವರ ಹೆಸರೇ ಬರಬೇಕು. ಮೊದಲ ಪ್ರಪೋಸಲ್ ಫಾರಂ ನೋಡಿ ಅಮ್ಮನ ಹೆಸರು ಹಾಕಿಬಿಟ್ಟರೆ ಮುಂದೆ ಸುಜಾತಾಗೆ ಸುಮ್ನೆ ಓಡಾಟವಾಗುತ್ತದೆ. ಈ ಒಂದು ಅಂಶವನ್ನು ಮರೆಯದೆ ಪರಿಶೀಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಇದರ ಜೊತೆಗೆ ಈ ಕೆಳಗಿನದನ್ನು ಸತ್ಯವೆಂದು ದೃಢಪಡಿಸುತ್ತೇನೆ. ಈ ಪಾಲಿಸಿಯನ್ನು ನಾನು ಯಾವ ಬ್ಯಾಂಕಿಗಾಗಲಿ, ಸೊಸೈಟಿಗಾಗಲಿ, ವ್ಯಕ್ತಿಗಾಗಲಿ ಅಡ ಇಟ್ಟಿಲ್ಲ, ಮಾರಿಲ್ಲ, ಬೇರೆಯವರ ಹೆಸರಿಗೆ ಬರೆದುಕೊಟ್ಟಿಲ್ಲ. 2014ರ ನಂತರ ಇದರ ಮೇಲೆ ಯಾವ ಸಾಲವನ್ನೂ ಪಡೆದಿಲ್ಲ. ಮೂಲ ಬಾಂಡ್ ಮುಂದೆ ಎಂದಾದರೂ ಸಿಕ್ಕರೆ ಅದನ್ನು ಯಾವುದಕ್ಕೂ ಬಳಸದೆ ತಕ್ಷಣ ಶಾಖೆಗೆ ಒಪ್ಪಿಸುತ್ತೇನೆ. ಡೂಪ್ಲಿಕೇಟ್ ಕೊಟ್ಟಿದ್ದರಿಂದ ನಿಗಮಕ್ಕೆ ನಷ್ಟವಾದರೆ ಅದನ್ನು ತುಂಬಿಕೊಡುವ ಹೊಣೆ ನನ್ನದು. ಫಾರಂ 3756ರಲ್ಲಿ ಇಂಡೆಮ್ನಿಟಿ ಬಾಂಡನ್ನು ಸ್ಟ್ಯಾಂಪ್ ಪೇಪರ್ ಮೇಲೆ ಮಾಡಿಸಿ, ನೋಟರಿ ಸಹಿ ಹಾಕಿಸಿದ್ದೇನೆ. ನನ್ನ ಸಹೋದ್ಯೋಗಿ ಶಿಕ್ಷಕರೊಬ್ಬರು ಜಾಮೀನುದಾರರಾಗಿ ಸಹಿ ಮಾಡಿದ್ದಾರೆ. ಅವರ ಸಂಬಳದ ಚೀಟಿ, ಗುರುತಿನ ಪತ್ರವೂ ಜೊತೆಗಿದೆ.

ಮೆಚ್ಯೂರಿಟಿಗೆ ಇನ್ನು ನಾಲ್ಕೂವರೆ ತಿಂಗಳಷ್ಟೇ ಇದೆ. ಹಣಕ್ಕಾದರೆ ಡಿಸ್ಚಾರ್ಜ್ ಫಾರಂ ಜೊತೆ ಇಂಡೆಮ್ನಿಟಿ ಬಾಂಡ್ ಕೊಟ್ಟರೆ ಸಾಕಾಗಬಹುದು, ಡೂಪ್ಲಿಕೇಟ್ ಯಾಕೆ ಎಂದು ಕೆಲವರು ನನಗೆ ಹೇಳಿದರು. ಬೇರೆ ಎಂಡೋಮೆಂಟ್ ಪಾಲಿಸಿ ಆಗಿದ್ದರೆ ನಾನೂ ಅಷ್ಟಕ್ಕೇ ಬಿಡುತ್ತಿದ್ದೆ. ಆದರೆ ಜೀವನ್ ಆನಂದ್ ಮೆಚ್ಯೂರಿಟಿಯ ದಿನ ಮುಗಿಯುವ ಪಾಲಿಸಿ ಅಲ್ಲ. ಅವತ್ತು ವಿಮಾ ಮೊತ್ತ ಮತ್ತು ಬೋನಸ್ ನನಗೆ ಬರುತ್ತದೆ. ಆಮೇಲೂ ನಾನು ಬದುಕಿರುವವರೆಗೆ 5 ಲಕ್ಷದ ರಿಸ್ಕ್ ಕವರ್ ಉಳಿಯುತ್ತದೆ. ನಾನು ಹೋದ ಮೇಲೆ ಆ ಹಣ ನಾಮಿನಿಗೆ ಸೇರಬೇಕು. ಅದು ಹತ್ತು ವರ್ಷಕ್ಕೋ ಮೂವತ್ತು ವರ್ಷಕ್ಕೋ ಯಾರಿಗೆ ಗೊತ್ತು. ಆ ಹೊತ್ತಿಗೆ ಕಂತು ಕಟ್ಟುವುದು ನಿಂತು ಎಷ್ಟೋ ಕಾಲ ಆಗಿರುತ್ತದೆ. ರಸೀದಿ ಬರುವುದಿಲ್ಲ, ನೆನಪಿಸುವ ಮೆಸೇಜೂ ಬರುವುದಿಲ್ಲ. ಇಂಥದ್ದೊಂದು ಪಾಲಿಸಿ ಇದೆ ಎಂದು ಸುಜಾತಾಗೋ ಮಕ್ಕಳಿಗೋ ತಿಳಿಯುವುದು ಬೀರುವಿನಲ್ಲಿರುವ ಬಾಂಡ್‌ನಿಂದ ಮಾತ್ರ. ಈ ಬಾಂಡ್ ನನಗಿಂತ ಜಾಸ್ತಿ ಬೇಕಾಗಿರುವುದು ಅವರಿಗೆ. ಅದಕ್ಕಾಗಿಯೇ ಡೂಪ್ಲಿಕೇಟ್ ಬಾಂಡ್ ಕೇಳುತ್ತಿದ್ದೇನೆ.

ಸಾಧ್ಯವಾದರೆ ಫೆಬ್ರವರಿ ಕೊನೆಯೊಳಗೆ ಡೂಪ್ಲಿಕೇಟ್ ಸಿಕ್ಕರೆ, ಡಿಸ್ಚಾರ್ಜ್ ಫಾರಂ ಜೊತೆ ಅದನ್ನೇ ಶಾಖೆಗೆ ಕೊಡುತ್ತೇನೆ. ಮೆಚ್ಯೂರಿಟಿ ಹಣ ಪಾವತಿಯಾದ ಮೇಲೆ, ಮುಂದುವರಿಯುವ ಕವರ್ ಅನ್ನು ಅದರ ಮೇಲೆ ನಮೂದಿಸಿ ನನಗೆ ಮರಳಿಸಬೇಕು. ಅಷ್ಟರೊಳಗೆ ಡೂಪ್ಲಿಕೇಟ್ ಸಿದ್ಧವಾಗದಿದ್ದರೆ, ಅದಕ್ಕಾಗಿ ಮೆಚ್ಯೂರಿಟಿ ಹಣ ನಿಲ್ಲದ ಹಾಗೆ ಏನು ಮಾಡಬೇಕೆಂದು ತಿಳಿಸಿದರೆ ಹಾಗೆಯೇ ಮಾಡುತ್ತೇನೆ.

ಸ್ಟ್ಯಾಂಪ್ ಶುಲ್ಕ ಸಾವಿರ ರೂಪಾಯಿ ವಿಮಾ ಮೊತ್ತಕ್ಕೆ 20 ಪೈಸೆಯಂತೆ 100 ರೂಪಾಯಿ ಆಗುತ್ತದೆ ಎಂದು ತಿಳಿದುಕೊಂಡಿದ್ದೇನೆ. ಅದನ್ನೂ ಬಾಂಡ್ ತಯಾರಿಕೆಯ ಶುಲ್ಕವನ್ನೂ ಸೇರಿಸಿ ಒಟ್ಟು ಎಷ್ಟೆಂದು ತಿಳಿಸಿದರೆ ಅದೇ ದಿನ ಕಟ್ಟುತ್ತೇನೆ.

ಕೊನೆಯದಾಗಿ ವಿಳಾಸ. ಹಾಸನದ ವಿಳಾಸ ತೆಗೆದು ಮೇಲಿನ ಮೈಸೂರು ವಿಳಾಸ ದಾಖಲಿಸಿ, ಇಲ್ಲದಿದ್ದರೆ ಡೂಪ್ಲಿಕೇಟ್ ಬಾಂಡ್ ಹಳೆಯ ಮನೆಗೆ ಹೋಗುತ್ತದೆ. ಹೊಸ ಬಾಡಿಗೆ ಕರಾರು ಮತ್ತು ವಿಳಾಸ ತಿದ್ದಿಸಿದ ಆಧಾರ್ ಪ್ರತಿ ಲಗತ್ತಿಸಿದ್ದೇನೆ. ಮೊಬೈಲ್ ನಂಬರ್, ಬ್ಯಾಂಕ್ ಖಾತೆ ಬದಲಾಗಿಲ್ಲ. ಪಾಲಿಸಿಗೆ ಜೋಡಿಸಿರುವ ಅದೇ ನಂಬರಿಗೆ ಕರೆ ಮಾಡಬಹುದು, ಸಂಜೆ ನಾಲ್ಕೂವರೆ ನಂತರ ಖಂಡಿತ ಸಿಗುತ್ತೇನೆ. ಪಾಲಿಸಿಯನ್ನು ಮೈಸೂರು ಶಾಖೆಗೆ ವರ್ಗಾಯಿಸುವುದು ಈಗ ಬೇಡ. ಕಡತ ಅತ್ತಿಂದಿತ್ತ ಓಡಾಡಿ ತಡವಾಗುವುದು ಬೇಡ ಎಂದು ನನ್ನ ಅನಿಸಿಕೆ. ಖುದ್ದಾಗಿ ಬರಬೇಕೆಂದರೆ ಒಂದು ದಿನ ಮುಂಚೆ ತಿಳಿಸಿ, ರಜೆ ಹಾಕಿ ಬರುತ್ತೇನೆ. ಈ ಪತ್ರ ತಲುಪಿದ್ದಕ್ಕೆ ಜೊತೆಗಿರುವ ನಕಲು ಪ್ರತಿಯ ಮೇಲೆ ಸೀಲ್ ಹಾಕಿ ಕೊಡಬೇಕಾಗಿ ವಿನಂತಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ
(ಸಹಿ)
ಎಚ್. ಎಸ್. ಮಂಜುನಾಥ

ಲಗತ್ತುಗಳು:
1. ಇಂಡೆಮ್ನಿಟಿ ಬಾಂಡ್, ಜಾಮೀನುದಾರರ ದಾಖಲೆಗಳೊಂದಿಗೆ
2. ಕಳೆದುಹೋದ ಪಾಲಿಸಿಯ ಬಗೆಗಿನ ಪ್ರಶ್ನಾವಳಿ, ಭರ್ತಿ ಮಾಡಿದ್ದು
3. 07-10-2025ರ ಇಂಗ್ಲಿಷ್ ಮತ್ತು ಕನ್ನಡ ಪತ್ರಿಕೆಗಳು, ಪೂರ್ತಿ ಪುಟ
4. 22-09-2025ರ ಇ-ಲಾಸ್ಟ್ ವರದಿ
5. 2014ರ ಸಾಲ ತೀರುವಳಿ ರಸೀದಿ ಮತ್ತು 2025ರ ಕೊನೆಯ ಕಂತಿನ ರಸೀದಿ, ಪ್ರತಿಗಳು
6. ಆಧಾರ್, ಪ್ಯಾನ್, ಬಾಡಿಗೆ ಕರಾರು, ಸ್ವಯಂ ದೃಢೀಕರಿಸಿದ ಪ್ರತಿಗಳು
7. ರದ್ದು ಮಾಡಿದ ಚೆಕ್ ಹಾಳೆ
8. ಸ್ವೀಕೃತಿಗಾಗಿ ಈ ಪತ್ರದ ನಕಲು ಪ್ರತಿ