ಮೂರನೇ ತರಗತಿಯ ಅದಿತಿಯ ಔಷಧಿ ಮತ್ತು ಅಲರ್ಜಿ ವಿವರ

ನಮಸ್ಕಾರ ಸಿಸ್ಟರ್,

ನಾನು ಮೂರನೇ ತರಗತಿ ಬಿ ವಿಭಾಗದ ಅದಿತಿಯ ಅಮ್ಮ. ಅವಳಿಗೆ ಎಂಟು ವರ್ಷ, ತೂಕ 24 ಕೆಜಿ. ಆಸ್ತಮಾ ಇದೆ. ಕಡಲೆಕಾಯಿ ಅಂದರೆ ತೀವ್ರ ಅಲರ್ಜಿ.

ಮೊದಲು ದಿನದ ಔಷಧಿ. ಬೆಳಿಗ್ಗೆ, ರಾತ್ರಿಯ ಬುಡೆಸೊನೈಡ್ ಇನ್ಹೇಲರ್ ಮನೆಯಲ್ಲೇ ಕೊಡುತ್ತೇವೆ. ಮಂಗಳವಾರ, ಗುರುವಾರ 11 ಗಂಟೆಗೆ ಆಟದ ಪೀರಿಯಡ್ ಇದೆ. ಅದಕ್ಕೆ 15 ನಿಮಿಷ ಮುಂಚೆ ಸಾಲ್ಬುಟಮಾಲ್ ಎರಡು ಪಫ್, ಸ್ಪೇಸರ್ ಹಾಕಿಯೇ ಕೊಡಬೇಕು. ಎರಡನ್ನೂ ಒಟ್ಟಿಗೆ ಒತ್ತಬೇಡಿ. ಒಂದು ಪಫ್ ಒತ್ತಿ, ಐದಾರು ಸಲ ನಿಧಾನವಾಗಿ ಉಸಿರಾಡಲಿ, ಆಮೇಲೆ ಇನ್ನೊಂದು. ಈ ಶುಕ್ರವಾರದವರೆಗೆ ಮಾತ್ರ ಮಧ್ಯಾಹ್ನ 1 ಗಂಟೆಗೆ, ಊಟವಾದ ಮೇಲೆ, ಅಮಾಕ್ಸಿಸಿಲಿನ್ ಸಿರಪ್ 5 ಎಂಎಲ್ ಇದೆ. ಬಾಟಲಿ ಚೆನ್ನಾಗಿ ಅಲ್ಲಾಡಿಸಿ ಕೊಡಿ.

ಇನ್ನು ಅಲರ್ಜಿಯ ವಿಷಯ. ಇದನ್ನು ದಯವಿಟ್ಟು ಎರಡು ಸಲ ಓದಿ.

ಬರೀ ಮೈಮೇಲೆ ನಾಲ್ಕೈದು ದದ್ದು, ತುರಿಕೆ ಇದ್ದರೆ ಸೆಟಿರಿಜಿನ್ ಸಿರಪ್ 5 ಎಂಎಲ್ ಸಾಕು. ಆದರೆ ಅವಳನ್ನು ಒಬ್ಬಳೇ ಬಿಡಬೇಡಿ. ಉಸಿರು ಕಟ್ಟುವುದು, ಸುಯ್ ಎನ್ನುವ ಸದ್ದು, ದನಿ ಬದಲಾಗುವುದು, ನಾಲಿಗೆ ಊದುವುದು, ಮುಖ ಬಿಳಿಚಿ ಸುಸ್ತಾಗುವುದು, ದದ್ದಿನ ಜೊತೆಗೆ ವಾಂತಿ: ಇದರಲ್ಲಿ ಯಾವುದೇ ಒಂದು ಕಂಡರೂ ತಕ್ಷಣ ಎಪಿನೆಫ್ರಿನ್ ಪೆನ್ ಚುಚ್ಚಿ. ಗಂಭೀರ ಅಲರ್ಜಿಯನ್ನು ಸಿರಪ್ ತಡೆಯುವುದಿಲ್ಲ. ಅದು ಆಸ್ತಮಾನೋ ಅಲರ್ಜಿನೋ ಅಂತ ಅನುಮಾನ ಬಂದರೂ ಪೆನ್ ಮೊದಲು, ಇನ್ಹೇಲರ್ ಆಮೇಲೆ. ಅದಿತಿ ಹೆಚ್ಚು ಹೇಳಿಕೊಳ್ಳುವ ಮಗು ಅಲ್ಲ. "ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ" ಅಂತ ಪದೇ ಪದೇ ನೀರು ಕುಡಿದರೆ ಅದನ್ನು ಸುಮ್ನೆ ಬಿಡಬೇಡಿ.

ಪೆನ್ 0.15 ಎಂಜಿಯದು. ತೊಡೆಯ ಹೊರಭಾಗದ ನಡುವೆ ಬಟ್ಟೆ ಮೇಲೆಯೇ ಚುಚ್ಚಬಹುದು. ಕಾಲು ಅಲುಗಾಡದಂತೆ ಗಟ್ಟಿಯಾಗಿ ಹಿಡಿದುಕೊಳ್ಳಿ. ಆಮೇಲೆ ಆಂಬುಲೆನ್ಸ್ ಕರೆಯಿರಿ. ನನಗೆ ಫೋನ್ ಮಾಡುವುದು ಅದಾದ ಮೇಲೆ, ನನ್ನ ಒಪ್ಪಿಗೆಗೆ ಕಾಯಲೇಬೇಡಿ. ಒಪ್ಪಿಗೆ ಪತ್ರ, ಡಾಕ್ಟರ್ ಸಹಿ ಮಾಡಿದ ಚೀಟಿ ಎರಡೂ ಇದರ ಜೊತೆಗಿವೆ. ಅವಳನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾದರೆ ಕೂರಿಸಿ, ಆದರೆ ನಿಲ್ಲಿಸಬೇಡಿ, ನಡೆಸಬೇಡಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೇ ಪೆನ್ ಕೊಡಿ. ಪೂರ್ತಿ ಹುಷಾರಾದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ನಂತರ ಮತ್ತೆ ಶುರುವಾಗಬಹುದು.

ಎರಡೂ ಪೆನ್ ಕೆಂಪು ಚೀಲದಲ್ಲಿವೆ. ಫ್ರಿಜ್‌ನಲ್ಲಿ ಇಡಬೇಡಿ, ಬೀಗ ಹಾಕಿದ ಕಪಾಟಿನಲ್ಲಂತೂ ಬೇಡವೇ ಬೇಡ. ನೀವು ರಜೆಯಲ್ಲಿರುವ ದಿನ ಚೀಲ ಎಲ್ಲಿದೆ ಎಂದು ಕ್ಲಾಸ್ ಟೀಚರ್‌ಗೂ ಗೊತ್ತಿರಲಿ.

ಹುಟ್ಟುಹಬ್ಬಕ್ಕೆ ಹಂಚುವ ತಿಂಡಿ ಅವಳಿಗೆ ಕೊಡಬೇಡಿ, ಅದರ ಬದಲಿಗೆ ಒಂದು ಡಬ್ಬಿ ಕ್ಲಾಸಿನಲ್ಲಿಟ್ಟಿದ್ದೇನೆ. ಊಟದ ನಂತರ ಮಕ್ಕಳು ಸೋಪು ಹಚ್ಚಿ ಕೈ ತೊಳೆದರೆ ಒಳ್ಳೆಯದು. ಸ್ಯಾನಿಟೈಸರ್‌ನಿಂದ ಕಡಲೆಕಾಯಿ ಅಂಶ ಹೋಗುವುದಿಲ್ಲ. ಅವಳನ್ನು ಬೇರೆ ಕೂರಿಸುವುದು ಮಾತ್ರ ಬೇಡ ಸಿಸ್ಟರ್, ಗೆಳತಿಯರ ಜೊತೆಗೇ ಉಣ್ಣಲಿ.

ಸೋಮವಾರ ಬೆಳಿಗ್ಗೆ ಪ್ರಾಕ್ಟೀಸ್ ಪೆನ್ ತರುತ್ತೇನೆ, ಅದರಲ್ಲಿ ಸೂಜಿ ಇರುವುದಿಲ್ಲ. ಟೀಚರ್ ಕೂಡ ಬಂದರೆ ಇಬ್ಬರಿಗೂ ತೋರಿಸುತ್ತೇನೆ.

ಇಂತಿ,
ಅದಿತಿಯ ಅಮ್ಮ